‘ಒಡಲುಗೊಂಡವ ಹಸಿವ’ ಇಂಗ್ಲಿಷ್‌ನಲ್ಲಿ ಸಪ್ಪೆ ಆಗುತ್ತಿದೆ, ಏನು ಮಾಡಲಿ?

ಸುಧಾ_ಎಚ್

ಎಲ್ಲರಿಗೂ ನಮಸ್ಕಾರ. ಒಂದು ದ್ವಿಭಾಷಾ ಸಂಕಲನಕ್ಕೆ ಜೇಡರ ದಾಸಿಮಯ್ಯನ ಕೆಲವು ವಚನಗಳನ್ನು ಇಂಗ್ಲಿಷ್‌ಗೆ ತರುತ್ತಿದ್ದೇನೆ. ಕಷ್ಟದ ಬೆಡಗಿನ ವಚನ ಯಾವುದೂ ಇಲ್ಲ, ಸುಲಭವಾಗಿ ಮುಗಿಯುತ್ತದೆ ಅಂದುಕೊಂಡಿದ್ದೆ. ಈಗ ನೋಡಿದರೆ ಎಲ್ಲಕ್ಕಿಂತ ಸರಳವಾದದ್ದೇ ಕೈಗೆ ಸಿಗುತ್ತಿಲ್ಲ.

ಒಡಲುಗೊಂಡವ ಹಸಿವ
ಒಡಲುಗೊಂಡವ ಹುಸಿವ
ಒಡಲುಗೊಂಡವನೆಂದು ನೀನೆನ್ನ ಜರೆದೊಮ್ಮೆ ನುಡಿಯದಿರಾ
ನೀನೆನ್ನಂತೆ ಒಮ್ಮೆ ಒಡಲುಗೊಂಡು ನೋಡಾ ರಾಮನಾಥ

ನಾನು ಮೊದಲು ಬರೆದದ್ದು ಹೀಗೆ: ‘ಎನಿವನ್ ಹೂ ಹ್ಯಾಸ್ ಎ ಬಾಡಿ ಫೀಲ್ಸ್ ಹಂಗ್ರಿ, ಎನಿವನ್ ಹೂ ಹ್ಯಾಸ್ ಎ ಬಾಡಿ ಟೆಲ್ಸ್ ಲೈಸ್.’ ಅರ್ಥದಲ್ಲಿ ತಪ್ಪಿಲ್ಲ. ಆದರೆ ಓದಿದರೆ ಆರೋಗ್ಯ ಇಲಾಖೆಯ ಕರಪತ್ರದ ಹಾಗಿದೆ. ಸಂಪಾದಕರು ‘ಇದರಲ್ಲಿ ತತ್ವ ಎಲ್ಲಿದೆ, ಸ್ವಲ್ಪ ಬಿಡಿಸಿ ಹೇಳಿ’ ಎಂದು ವಾಪಸ್ ಕಳಿಸಿದರು. ಬಿಡಿಸಿ ಹೇಳಿದೆ. ‘ದೇಹದ ಬಂಧನಕ್ಕೆ ಸಿಕ್ಕ ಜೀವ’ ಅನ್ನುವ ಅರ್ಥ ಬರುವ ಹಾಗೆ ಮಾಡಿದೆ. ಈಗ ತತ್ವ ಇದೆ, ದಾಸಿಮಯ್ಯ ಇಲ್ಲ.

ಬಿಡಿಸಿ ಹೇಳಬಾರದು, ಸಪ್ಪೆಯೂ ಆಗಬಾರದು. ಇಂಥ ವಚನಗಳನ್ನು ಅನುವಾದ ಮಾಡಿದವರು ಯಾರಾದರೂ ಇದ್ದರೆ ಹೇಳಿ.

ಕಟ್ಟೆಪುರಾಣ

ಇಂಗ್ಲಿಷ್‌ಗೆ ಯಾಕೆ ಮಾಡಬೇಕು ಅಂತ? ನಮ್ಮ ಮಕ್ಕಳಿಗೇ ‘ಜರೆದು’ ಅಂದರೆ ಗೊತ್ತಿಲ್ಲ. ಮೊದಲು ಹೊಸಗನ್ನಡಕ್ಕೆ ಅನುವಾದ ಮಾಡಿ, ಪುಣ್ಯ ಬರುತ್ತದೆ.

ಸುಧಾ_ಎಚ್

@ಕಟ್ಟೆಪುರಾಣ ಸರ್, ಅದು ಬೇರೆ ಜಗಳ. ನನಗೆ ಈ ಕೆಲಸ ಒಪ್ಪಿಸಿದ್ದಾರೆ, ಮಾಡಿಕೊಡಬೇಕು.

ಡಿಂಡಿಮ

ಇದನ್ನು ಎ.ಕೆ. ರಾಮಾನುಜನ್ 1973ರಲ್ಲೇ ಮಾಡಿ ಮುಗಿಸಿದ್ದಾರೆ. ಪೆಂಗ್ವಿನ್ ಪುಸ್ತಕ. ಇನ್ನೊಮ್ಮೆ ಯಾಕೆ? ಅದಕ್ಕಿಂತ ಚೆನ್ನಾಗಿ ಯಾರಿಗೂ ಆಗುವುದಿಲ್ಲ.

ಓಲೆಗರಿ

ರಾಮಾನುಜನ್ ಅವರದು ನಿಜವಾಗಿಯೂ ದೊಡ್ಡ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ವಚನದ ಕೊನೆ ಸಾಲಿನಲ್ಲಿ ಅವರು ‘ಬಾಡಿ ದೈಸೆಲ್ಫ್’ ಎಂದು ಬರೆದಿದ್ದಾರೆ. ‘ಬಾಡಿ’ಯನ್ನು ಕ್ರಿಯಾಪದ ಮಾಡಿದ್ದು ಜಾಣತನ. ‘ಒಡಲುಗೊಂಡು’ ಎಷ್ಟು ಚಿಕ್ಕದೋ ಇದೂ ಅಷ್ಟೇ ಚಿಕ್ಕದು. ನನ್ನ ತಕರಾರು ‘ದೈಸೆಲ್ಫ್’ ಮೇಲೆ. ದಾಸಿಮಯ್ಯ ‘ನೀನು’ ಅನ್ನುತ್ತಾನೆ. ಪಕ್ಕದಲ್ಲಿ ಕೂತವನನ್ನು ಕರೆಯುವ ‘ನೀನು’ ಅದು. ಇಂಗ್ಲಿಷ್‌ನಲ್ಲೂ ‘ದೌ’ ಒಂದು ಕಾಲಕ್ಕೆ ಸಲುಗೆಯ ಮಾತೇ ಆಗಿತ್ತು. ಈಗಿನ ಓದುಗನಿಗೆ ಅದು ಪ್ರಾರ್ಥನಾ ಪುಸ್ತಕದ ಮಾತು. ಸಲುಗೆಯಿಂದ ಬೈಯುತ್ತಿರುವವನು ಇದ್ದಕ್ಕಿದ್ದಂತೆ ಕೈಮುಗಿದ ಹಾಗಾಗುತ್ತದೆ. ಬೇಕೆಂದೇ ಹಾಗೆ ಮಾಡಿದ್ದಾರೆ ಅನ್ನುವವರೂ ಇದ್ದಾರೆ. ಬೈಗುಳದ ನಡುವೆ ದೇವರ ದೊಡ್ಡತನ ನೆನಪಿಸಲಿಕ್ಕಂತೆ. ನಾನು ಒಪ್ಪುವುದಿಲ್ಲ.

ಹಾಗಾಗಿ ಸುಧಾ ಅವರು ಇನ್ನೊಮ್ಮೆ ಮಾಡಲಿ. ಒಂದು ವಚನಕ್ಕೆ ಒಂದೇ ಅನುವಾದ ಅಂತ ಯಾರೂ ಬರೆದುಕೊಟ್ಟಿಲ್ಲ.

ಈಗ ಪ್ರಶ್ನೆಗೆ ಬರೋಣ. ನಿಮ್ಮ ಮೊದಲ ಕರಡು ಸಪ್ಪೆಯಾಗಿರುವುದಕ್ಕೆ ಕಾರಣ ಸರಳ ಪದಗಳಲ್ಲ, ‘ಹ್ಯಾಸ್’. ‘ಒಡಲುಳ್ಳವ’ ಅಂದಿದ್ದರೆ ‘ಹ್ಯಾಸ್’ ಸರಿಯಾಗುತ್ತಿತ್ತು. ದಾಸಿಮಯ್ಯ ಹೇಳಿದ್ದು ‘ಒಡಲುಗೊಂಡವ’. ಉಳ್ಳವನಿಗೂ ಗೊಂಡವನಿಗೂ ಬಹಳ ದೂರ. ಒಡಲು ಇರುವುದು ಒಂದು ಸ್ಥಿತಿ. ಒಡಲುಗೊಳ್ಳುವುದು ನಡೆದ ಸಂಗತಿ. ನಡೆಯದೆಯೂ ಇರಬಹುದಿತ್ತು. ಕೊನೆ ಸಾಲಿನಲ್ಲಿ ದೇವರಿಗೆ ಹಾಕುವ ಸವಾಲು ನಿಂತಿರುವುದೇ ಇದರ ಮೇಲೆ.

ಹೊಂಗೆಮರ

ಓಲೆಗರಿ ಸರ್ ಹೇಳಿದ್ದು ಸರಿ. ಕೊಳ್ಳು ಅಂದರೆ ಖರೀದಿ ಮಾಡು ಅಲ್ವಾ. ಅಂದರೆ ಜೀವ ತಾನೇ ಕೈಯಾರೆ ಈ ಒಡಲನ್ನು ಕೊಂಡುಕೊಂಡಿದೆ, ಬೆಲೆ ತೆರುತ್ತಿದೆ. ಕರ್ಮ ಸಿದ್ಧಾಂತ! ‘ಹೂ ಬಾಟ್ ಎ ಬಾಡಿ’ ಅಂತ ಹಾಕಿ ಮೇಡಂ. ದಾಸಿಮಯ್ಯ ನೇಕಾರ, ಸಂತೆಯಲ್ಲಿ ಬಟ್ಟೆ ಮಾರಿದವನು. ವ್ಯಾಪಾರದ ಮಾತು ಅವನಿಗೆ ಸಹಜ.

ಓಲೆಗರಿ

ಕೊಳ್ಳು ಅಂದರೆ ತೆಗೆದುಕೊಳ್ಳು ಅನ್ನುವುದು ಸರಿ. ಖರೀದಿ ಅದರ ಒಂದು ಅರ್ಥ ಅಷ್ಟೇ. ಆದರೆ ಹೆಸರುಪದಕ್ಕೆ ಅಂಟಿಕೊಂಡಾಗ ಅದು ಬೇರೆಯೇ ಕೆಲಸ ಮಾಡುತ್ತದೆ. ‘ಗಾಯಗೊಂಡ’ ಅನ್ನುತ್ತೇವೆ. ಗಾಯವನ್ನು ಯಾರಾದರೂ ಕೈಯಾರೆ ಕೊಳ್ಳುತ್ತಾರಾ? ‘ಸಿಟ್ಟುಗೊಂಡ’, ‘ಗಾಬರಿಗೊಂಡ’. ಇವೆಲ್ಲ ತಾವಾಗಿ ಆಗುವಂಥವು. ಇನ್ನೊಂದು ಕಡೆ ‘ಕೈಗೊಂಡ’ ನೋಡಿ. ಅದು ಬೇಕೆಂದೇ ಮಾಡಿದ್ದು. ಒಂದೇ ‘ಗೊಂಡ’ಕ್ಕೆ ಎರಡೂ ಸಾಧ್ಯ.

ಈ ವಚನದಲ್ಲಿ ಎರಡೂ ಇವೆ. ಮೊದಲ ಮೂರು ಸಾಲಿನ ಒಡಲುಗೊಂಡವ ನಾವು. ನಮ್ಮನ್ನು ಯಾರೂ ಕೇಳಲಿಲ್ಲ, ಒಡಲು ಬಂತು. ಗಾಯಗೊಂಡ ಹಾಗೆ. ನಾಲ್ಕನೆಯ ಸಾಲಿನ ‘ಒಡಲುಗೊಂಡು ನೋಡಾ’ದಲ್ಲಿ ರಾಮನಾಥ ಅದನ್ನು ಬೇಕೆಂದೇ ಮಾಡಬೇಕು. ಕೈಗೊಂಡ ಹಾಗೆ. ಪದ ಒಂದೇ. ‘ನನಗೆ ತಾನಾಗಿ ಆದದ್ದನ್ನು ನೀನು ಮನಸ್ಸು ಮಾಡಿ ಮಾಡಿಕೋ’ ಎಂದು ಬಿಡಿಸಿ ಹೇಳಲಿಕ್ಕೆ ನನಗೆ ಇಷ್ಟು ಪದ ಬೇಕಾಯಿತು. ಅವನು ಒಂದೇ ಕ್ರಿಯಾಪದವನ್ನು ನಾಲ್ಕು ಸಲ ಹೇಳಿ ಸುಮ್ಮನಾದ.

ಅದಕ್ಕೇ ಅನುವಾದದಲ್ಲಿ ಮೊದಲು ಮಾಡಬೇಕಾದ ಕೆಲಸ ಇದು: ನಾಲ್ಕು ಕಡೆಗೂ ಒಂದೇ ಇಂಗ್ಲಿಷ್ ಮಾತು ಹುಡುಕುವುದು. ಇಂಗ್ಲಿಷ್ ಶೈಲಿ ಕಲಿಸುವವರು ‘ರಿಪೀಟ್ ಮಾಡಬೇಡಿ’ ಅನ್ನುತ್ತಾರೆ. ಇಲ್ಲಿ ಆ ಮಾತು ಕೇಳಿದರೆ ವಚನ ಹೋಯಿತು.

ಸುಧಾ_ಎಚ್

ಗಾಯಗೊಂಡ! ಇದು ನನಗೆ ಹೊಳೆದಿರಲಿಲ್ಲ. ಹಾಗಾದರೆ ‘ಟೇಕ್’ ಸಾಕಾಗುವುದಿಲ್ಲ ಅಲ್ವಾ? ‘ಹೂ ಟೇಕ್ಸ್ ಎ ಬಾಡಿ’ ಅಂದರೆ ಬೇಕೆಂದೇ ತೆಗೆದುಕೊಂಡವ ಅಂತ ಮಾತ್ರ ಆಗುತ್ತದೆ. ಮೇಲಾಗಿ ಹೆಣ ಎತ್ತಿಕೊಂಡು ಹೋಗುವವನೂ ‘ಟೇಕ್ಸ್ ಎ ಬಾಡಿ’ಯೇ.

ನಿಂಗಣ್ಣ_ಮಗ್ಗ

ನಾವು ಮಗ್ಗದ ಮನೆಯವರು. ಅಕ್ಷರ ಜಾಸ್ತಿ ಕಲಿತವನಲ್ಲ ನಾನು, ಆದರೂ ಒಂದು ಮಾತು. ನಮ್ಮ ಕಡೆ ಒಡಲು ಅಂದರೆ ಮೈ ಅಷ್ಟೇ ಅಲ್ಲ. ಹೊಟ್ಟೆಯೂ ಹೌದು. ‘ಒಡಲುರಿ’ ಅಂತೀವಲ್ಲ, ಅದು ಹೊಟ್ಟೆಯಿಂದ ಏಳುವ ಉರಿ. ತಾಯಿ ಒಡಲು ಅಂದರೆ ಬಸಿರು. ಒಡಲುಗೊಂಡವ ಹಸಿವ ಅಂದ ಕೂಡಲೇ ನಮಗೆ ಹೊಟ್ಟೆ ನೆನಪಾಗುತ್ತದೆ. ಹೊಟ್ಟೆ ಇದ್ದವನಿಗೆ ಹಸಿವು, ಹಸಿದವನಿಗೆ ಸುಳ್ಳು. ನಮ್ಮ ತಂದೆ ನೂಲು ಸಾಲ ತಂದು, ಸೀರೆ ಇನ್ನೂ ಅರ್ಧ ಮಗ್ಗದ ಮೇಲೆ ಇರುವಾಗಲೇ ಸಾಹುಕಾರನಿಗೆ ‘ಮುಗೀತು, ನಾಳೆ ತರ್ತೀನಿ’ ಅಂತಿದ್ದರು. ಅದು ಹುಸಿಯೇ. ಮನೆಯಲ್ಲಿ ಉಣ್ಣುವವರು ಅಷ್ಟು ಜನ ಇರದಿದ್ದರೆ ಅವರು ಆ ಮಾತು ಆಡುತ್ತಿರಲಿಲ್ಲ.

ಇಂಗ್ಲಿಷ್‌ನ ‘ಬಾಡಿ’ಯಲ್ಲಿ ಹೊಟ್ಟೆ ಇದೆಯಾ, ಬಲ್ಲವರು ಹೇಳಿ.

ವಿದ್ಯಾ_ಕೆ

ಇಲ್ಲ ನಿಂಗಣ್ಣ. ‘ಬಾಡಿ’ಯಲ್ಲಿ ಹೊಟ್ಟೆ ಇಲ್ಲ, ಜೊತೆಗೆ ಅದಕ್ಕೆ ಹೆಣ ಅನ್ನುವ ಅರ್ಥವೂ ಇದೆ. ‘ಫ್ಲೆಶ್’ ಹಾಕಿದರೆ ಬಿಸಿ ಬರುತ್ತದೆ, ಆದರೆ ಬೈಬಲ್ ಬರುತ್ತದೆ.

ಬೈಬಲ್ ಅಂದಾಗ ನೆನಪಾಯಿತು, ಇದು ಸಣ್ಣ ತೊಂದರೆ ಅಲ್ಲ. ನಾನು ಹೊರದೇಶದಲ್ಲಿ ಕಾಲೇಜು ಮಕ್ಕಳಿಗೆ ಭಾರತೀಯ ಕಾವ್ಯ ಪಾಠ ಮಾಡುತ್ತೇನೆ. ಈ ವಚನ ಓದಿಸಿದಾಗ ಒಬ್ಬ ಹುಡುಗಿ ಕೈ ಎತ್ತಿ, ‘ಆದರೆ ದೇವರು ಒಮ್ಮೆ ಮೈ ತಳೆದು ಬಂದಿದ್ದನಲ್ಲ, ಹಸಿದಿದ್ದನಲ್ಲ’ ಅಂದಳು. ಅವಳಿಗೆ ಯೇಸು ನೆನಪಾಗಿದ್ದ. ಅಲ್ಲಿಗೆ ಸವಾಲು ಮುಗಿಯಿತು. ‘ಒಮ್ಮೆ ಒಡಲುಗೊಂಡು ನೋಡು’ ಅಂದರೆ ‘ಆಗಲೇ ನೋಡಿದ್ದಾನೆ’ ಅನ್ನುವ ಉತ್ತರ ಅವರ ಕೈಯಲ್ಲಿ ಸಿದ್ಧವಿದೆ.

ದಾಸಿಮಯ್ಯನ ಶಿವ ಹುಟ್ಟುವವನಲ್ಲ. ಅವತಾರ ಎತ್ತುವುದು ವಿಷ್ಣುವಿನ ಕೆಲಸ. ಇವನಿಗೆ ತಾಯಿಯಿಲ್ಲ, ಒಡಲಿಲ್ಲ. ಹಾಗಾಗಿಯೇ ‘ನಿನಗೇನು ಗೊತ್ತು’ ಅನ್ನುವ ಧಾಟಿಗೆ ಬಲ. ಇದನ್ನು ಅನುವಾದದ ಒಳಗೆ ಹೇಳಲು ಆಗುವುದಿಲ್ಲ. ‘ಫ್ಲೆಶ್’ ಬಳಸಿದರೆ ಇನ್ನೂ ಕೆಡುತ್ತದೆ, ಯಾಕೆಂದರೆ ಮಾತು ಮಾಂಸವಾಯಿತು ಅನ್ನುವ ಬೈಬಲ್ ಸಾಲು ನೇರವಾಗಿ ಬಂದು ಕೂರುತ್ತದೆ. ಅದಕ್ಕೆ ನನ್ನ ಮತ ‘ಬಾಡಿ’ಗೇ. ಬಣ್ಣವಿಲ್ಲದ ಪದ ಅನ್ನುವುದೇ ಇಲ್ಲಿ ಅದರ ಗುಣ.

ಕಟ್ಟೆಪುರಾಣ

ರಾಮನಾಥ ಅಂದರೆ ಶಿವನಾ? ನಾನು ಇಷ್ಟು ದಿನ ಶ್ರೀರಾಮ ಅಂದುಕೊಂಡಿದ್ದೆ.

ವಿದ್ಯಾ_ಕೆ

ಇಂಗ್ಲಿಷ್ ಓದುಗರೂ ಹಾಗೇ ಅಂದುಕೊಳ್ಳುತ್ತಾರೆ ಸರ್. ರಾಮ ಪೂಜಿಸಿದ ಶಿವ. ರಾಮ ಅಂದುಕೊಂಡರೆ ವಚನ ತಲೆಕೆಳಗಾಗುತ್ತದೆ, ರಾಮ ಒಡಲುಗೊಂಡವನೇ ತಾನೇ! ರಾಮಾನುಜನ್ ಕೂಡಲಸಂಗಮದೇವನನ್ನು, ಚೆನ್ನಮಲ್ಲಿಕಾರ್ಜುನನನ್ನು ಇಂಗ್ಲಿಷ್ ಮಾಡಿದರು, ರಾಮನಾಥನನ್ನು ಹಾಗೇ ಬಿಟ್ಟರು. ಇಲ್ಲಿ ಒಂದು ಸಾಲಿನ ಟಿಪ್ಪಣಿ ಬೇಕೇ ಬೇಕು. ಸುಧಾ, ನಿಮ್ಮ ಸಂಪಾದಕರು ಟಿಪ್ಪಣಿ ಬಿಡುತ್ತಾರಾ?

ಸುಧಾ_ಎಚ್

ಅಡಿಟಿಪ್ಪಣಿ ಬೇಡವಂತೆ. ಪುಸ್ತಕದ ಹಿಂದೆ ಹೆಸರುಗಳ ಪಟ್ಟಿ ಕೊಡಬಹುದಂತೆ. ಅಲ್ಲಿ ರಾಮನಾಥನನ್ನು ಸೇರಿಸುತ್ತೇನೆ.

ಡಿಂಡಿಮ

ಎಲ್ಲರೂ ಅರ್ಥದ ಹಿಂದೆ ಬಿದ್ದಿದ್ದೀರಿ. ವಚನ ಇರುವುದು ಕಿವಿಯಲ್ಲಿ. ಹಸಿವ, ಹುಸಿವ. ನಡುವೆ ಇರುವುದು ಒಂದು ಕೊಂಬು ಅಷ್ಟೇ. ಹ, ಹು. ತುಟಿ ಸ್ವಲ್ಪ ಮುಂದೆ ಬಂದರೆ ಹಸಿವು ಸುಳ್ಳಾಗುತ್ತದೆ. ಇದನ್ನು ಇಂಗ್ಲಿಷ್‌ನಲ್ಲಿ ಮಾಡಿ ತೋರಿಸಿ, ಆಮೇಲೆ ಮಾತಾಡೋಣ.

ಹೊಂಗೆಮರ

‘ನೀಡ್ಸ್’ ಮತ್ತು ‘ಮಿಸ್‌ಲೀಡ್ಸ್’. ಪ್ರಾಸ ಬಂತು!

ಡಿಂಡಿಮ

ಅದು ಜಾಹೀರಾತಿನ ಪ್ರಾಸ.

ಹೊಂಗೆಮರ

ಸರಿ, ‘ಲ್ಯಾಕ್ಸ್’ ಮತ್ತು ‘ಲೈಸ್’.

ವಿದ್ಯಾ_ಕೆ

‘ಲ್ಯಾಕ್ಸ್, ಲೈಸ್’ ಕಿವಿಗೆ ಚೆನ್ನಾಗಿದೆ. ಆದರೆ ‘ಲ್ಯಾಕ್’ ಅಂದರೆ ಕೊರತೆ. ಹಸಿವು ಕೊರತೆ ಅಲ್ಲ, ಹಸಿವು ಹಸಿವೇ. ನಿಂಗಣ್ಣ ಹೇಳಿದ ಹೊಟ್ಟೆ ಅಲ್ಲಿಂದ ಎದ್ದು ಹೋಗುತ್ತದೆ. ಪ್ರಾಸಕ್ಕೋಸ್ಕರ ಹಸಿವನ್ನು ತತ್ವ ಮಾಡಿದ ಹಾಗಾಯಿತು. ಸಂಪಾದಕರು ಕೇಳಿದ್ದೂ ಅದನ್ನೇ ಅಲ್ವಾ!

‘ಫ್ಯಾಮಿಶ್’ ಮತ್ತು ‘ಫಿಬ್’ ಅಂತ ನಾನೂ ಒಮ್ಮೆ ಮಾಡಿದ್ದೆ. ‘ಫಿಬ್’ ಮಕ್ಕಳ ಸುಳ್ಳು. ಬಿಟ್ಟೆ.

ಓಲೆಗರಿ

ಡಿಂಡಿಮ ಅವರ ಮಾತು ಗಟ್ಟಿ. ಆ ಸದ್ದು ಅಲಂಕಾರಕ್ಕೆ ಬಂದದ್ದಲ್ಲ, ಅದೇ ವಾದ. ಹಸಿವಿಗೂ ಹುಸಿಗೂ ಕಾರಣದ ಸಂಬಂಧ ಇದೆ ಎಂದು ದಾಸಿಮಯ್ಯ ಬಾಯಿಬಿಟ್ಟು ಹೇಳುವುದಿಲ್ಲ. ‘ಆದ್ದರಿಂದ’ ಇಲ್ಲ, ‘ಅದಕ್ಕೇ’ ಇಲ್ಲ. ಎರಡು ಸಾಲು ಪಕ್ಕಪಕ್ಕ ಇಡುತ್ತಾನೆ, ಸದ್ದು ಅವನ್ನು ಕಟ್ಟುತ್ತದೆ. ಇಂಗ್ಲಿಷ್‌ನಲ್ಲಿ ಸದ್ದು ಹೋದ ಮೇಲೆ ಕಟ್ಟು ಸಡಿಲವಾಗುತ್ತದೆ. ಆಗ ಅನುವಾದಕನಿಗೆ ‘ಅಂಡ್ ಸೋ’ ಸೇರಿಸುವ ಆಸೆ ಹುಟ್ಟುತ್ತದೆ. ಸೇರಿಸಬೇಡಿ. ‘ಸೋ’ ಬಂದ ಕೂಡಲೇ ಅದು ಬಡತನದ ಬಗ್ಗೆ ಮಾತ್ರ ಆಗುತ್ತದೆ: ಹಸಿದವ ಸುಳ್ಳು ಹೇಳುತ್ತಾನೆ ಅಂತ. ಅದು ನಿಂಗಣ್ಣ ಅವರ ಓದು, ಒಳ್ಳೆಯ ಓದು. ಆದರೆ ಇನ್ನೊಂದು ಓದೂ ಇದೆ.

‘ಹುಸಿ’ ಅಂದರೆ ಬಾಯಿಂದ ಬರುವ ಸುಳ್ಳು ಮಾತ್ರ ಅಲ್ಲ. ಪೊಳ್ಳು, ಟೊಳ್ಳು, ನಿಲ್ಲದ್ದು. ಇವತ್ತಿಗೂ ಪತ್ರಿಕೆಯಲ್ಲಿ ‘ಹುಸಿ ಬಾಂಬ್ ಕರೆ’ ಅಂತ ಬರೆಯುತ್ತಾರೆ, ‘ನಿರೀಕ್ಷೆ ಹುಸಿಯಾಯಿತು’ ಅನ್ನುತ್ತಾರೆ. ಒಡಲುಗೊಂಡವ ಸುಳ್ಳು ಹೇಳುತ್ತಾನೆ ಅನ್ನುವುದು ಒಂದು. ಒಡಲುಗೊಂಡವ ತಾನೇ ಹುಸಿಹೋಗುತ್ತಾನೆ, ಉಳಿಯುವುದಿಲ್ಲ ಅನ್ನುವುದು ಇನ್ನೊಂದು. ಮೊದಲ ಅರ್ಥ ಮುಂದೆ ನಿಲ್ಲುತ್ತದೆ, ಯಾಕೆಂದರೆ ಮೂರನೆಯ ಸಾಲಿನಲ್ಲಿ ಬೈಯಬೇಡ ಅನ್ನುತ್ತಾನೆ. ಸುಳ್ಳಿಗೆ ಬೈಯುತ್ತಾರೆ, ಸಾವಿಗೆ ಬೈಯುವುದಿಲ್ಲ. ಎರಡನೆಯದು ಹಿಂದೆ ನೆರಳಾಗಿ ಇರುತ್ತದೆ.

ವಿದ್ಯಾ_ಕೆ

ಇಲ್ಲಿ ಇಂಗ್ಲಿಷ್ ಒಂದು ಉಪಕಾರ ಮಾಡುತ್ತದೆ ನೋಡಿ. ‘ಲೈ’ ಅಂದರೆ ಸುಳ್ಳು ಹೇಳುವುದೂ ಹೌದು, ಬಿದ್ದುಕೊಂಡಿರುವುದೂ ಹೌದು. ‘ಬಾಡಿ’ ಪಕ್ಕದಲ್ಲಿ ‘ಲೈ’ ಬಂದರೆ ಕೆಳಗೆ ಬಿದ್ದ ಮೈ ಒಂದು ಕ್ಷಣ ಕಣ್ಣಿಗೆ ಬರುತ್ತದೆ. ನೀವು ಹೇಳಿದ ನೆರಳು ಅರ್ಧ ಸಿಕ್ಕಿತು. ಕನ್ನಡದಲ್ಲಿ ಸದ್ದು ಮಾಡಿದ ಕೆಲಸವನ್ನು ಇಂಗ್ಲಿಷ್‌ನಲ್ಲಿ ಬೇರೆ ಕಡೆಯಿಂದ ಪಡೆದ ಹಾಗೆ.

ಡಿಂಡಿಮ

ಅದು ಅಕಸ್ಮಾತ್ ಸಿಕ್ಕಿದ್ದು, ಲೆಕ್ಕಕ್ಕಿಲ್ಲ.

ವಿದ್ಯಾ_ಕೆ

ಹಸಿವ, ಹುಸಿವ ಹತ್ತಿರ ಇರುವುದೂ ಕನ್ನಡಕ್ಕೆ ಅಕಸ್ಮಾತ್ ಸಿಕ್ಕಿದ್ದೇ. ದಾಸಿಮಯ್ಯ ಅದನ್ನು ಬಳಸಿಕೊಂಡ. ನಾವೂ ಬಳಸಿಕೊಳ್ಳೋಣ.

ರಾಗಮಾಲಿಕಾ

ನಾನು ವಚನ ಗಾಯನ ಮಾಡುತ್ತೇನೆ. ನೀವೆಲ್ಲ ‘ಒಮ್ಮೆ’ ಬಗ್ಗೆ ಒಂದು ಮಾತೂ ಆಡಿಲ್ಲ. ಅದು ಎರಡು ಸಲ ಬರುತ್ತದೆ. ‘ಜರೆದೊಮ್ಮೆ ನುಡಿಯದಿರಾ’ ಅಂದಾಗ ಒಂದು ಸಲವೂ ಬೈಯಬೇಡ ಅಂತ. ‘ನೀನೆನ್ನಂತೆ ಒಮ್ಮೆ’ ಅಂದಾಗ ಒಂದೇ ಒಂದು ಸಲ ಬಂದು ನೋಡು ಅಂತ. ಹಾಡುವಾಗ ನಾವು ಎರಡನೆಯ ಒಮ್ಮೆಯ ಮೇಲೆ ನಿಲ್ಲುತ್ತೇವೆ. ಜನ ಅಲ್ಲೇ ತಲೆದೂಗುತ್ತಾರೆ. ಮೊದಲನೆಯದನ್ನು ಬಿಟ್ಟರೆ ಎರಡನೆಯದಕ್ಕೆ ಪೆಟ್ಟು ಬರುವುದಿಲ್ಲ.

ಇನ್ನೊಂದು ಕೇಳಬೇಕಿತ್ತು. ‘ನೋಡಾ’ ಸರಿಯೋ ‘ನೋಡ’ ಸರಿಯೋ? ನನ್ನ ಹತ್ತಿರದ ಎರಡು ಪುಸ್ತಕದಲ್ಲಿ ಎರಡು ಥರ ಇದೆ.

ಓಲೆಗರಿ

ಒಮ್ಮೆಯ ಮಾತು ಚೆನ್ನಾಗಿ ಹೇಳಿದಿರಿ. ‘ನಾಟ್ ಒನ್ಸ್’, ಆಮೇಲೆ ‘ಜಸ್ಟ್ ಒನ್ಸ್’. ಇದು ಇಂಗ್ಲಿಷ್‌ಗೆ ಸಲೀಸಾಗಿ ಹೋಗುತ್ತದೆ.

‘ನೋಡಾ’ ದೀರ್ಘ ಕರೆಯುವ ಧಾಟಿಗೆ ಬಂದದ್ದು. ಸಂಪಾದಕರು ಯಾವ ಪ್ರತಿ ಹಿಡಿದರು ಅನ್ನುವುದರ ಮೇಲೆ ಬದಲಾಗುತ್ತದೆ, ಹಾಡುವಾಗ ನಿಮಗೆ ಒಪ್ಪುವುದು ದೀರ್ಘವೇ. ಅಂದ ಹಾಗೆ ಸಾಲುಗಳೂ ಅಷ್ಟೇ. ತಾಳೆಗರಿಯಲ್ಲಿ ವಚನವನ್ನು ಸಾಲು ಮುರಿಯದೆ ಉದ್ದಕ್ಕೆ ಬರೆದಿರುತ್ತಾರೆ. ನಾವು ಪುಸ್ತಕದಲ್ಲಿ ನೋಡುವ ಸಾಲು ಅಚ್ಚಿನ ಕಾಲದ ಸಂಪಾದಕರು ಮಾಡಿದ್ದು. ಹಾಗಾಗಿ ಇಂಗ್ಲಿಷ್‌ನಲ್ಲಿ ಎಲ್ಲಿ ಸಾಲು ಮುರಿಯಬೇಕು ಅನ್ನುವ ಸ್ವಾತಂತ್ರ್ಯ ಸುಧಾ ಅವರಿಗಿದೆ. ರಾಮಾನುಜನ್ ಒಂದೆರಡು ಪದಕ್ಕೊಂದು ಸಾಲು ಮಾಡಿದರು. ಆ ಕಾಲದ ಇಂಗ್ಲಿಷ್ ಕವಿತೆ ಪುಟದ ಮೇಲೆ ಹಾಗೆ ಇಳಿಯುತ್ತಿತ್ತು. ಓದುಗ ತಡೆದು ತಡೆದು ಓದುತ್ತಾನೆ. ಈ ವಚನಕ್ಕೆ ಅದು ಒಪ್ಪುವುದಿಲ್ಲ ಅನ್ನುವುದು ನನ್ನ ಅನಿಸಿಕೆ. ಇದು ಒಂದೇ ಉಸಿರಿನ ಜಗಳ.

ಕಟ್ಟೆಪುರಾಣ

ಜೇಡರ ದಾಸಿಮಯ್ಯ, ದೇವರ ದಾಸಿಮಯ್ಯ ಒಬ್ಬರೇನಾ? ನಮ್ಮ ಊರಲ್ಲಿ ಇದಕ್ಕೇ ಎರಡು ಸಂಘ ಆಗಿವೆ.

ನಿಂಗಣ್ಣ_ಮಗ್ಗ

ಒಬ್ಬರೇ.

ಡಿಂಡಿಮ

ಬೇರೆ ಬೇರೆ. ಚಿದಾನಂದಮೂರ್ತಿ ಅವರು ಬರೆದಿದ್ದಾರೆ.

ನಿಂಗಣ್ಣ_ಮಗ್ಗ

ಮುದನೂರಿಗೆ ಬಂದು ಅಲ್ಲಿಯ ಜನರನ್ನು ಕೇಳಿ, ಹೇಳುತ್ತಾರೆ.

ನಿರ್ವಾಹಕ

ಈ ಚರ್ಚೆಗೆ ಬೇರೆ ಎಳೆ ಇದೆ, ಅದರಲ್ಲಿ ಆಗಲೇ ಸಾಕಷ್ಟು ಬೈದಾಡಿದ್ದೀರಿ. ದಯವಿಟ್ಟು ಅಲ್ಲಿಗೇ ಹೋಗಿ.

ಹೊಂಗೆಮರ

ಮತ್ತೆ ‘ಗೊಂಡ’ಕ್ಕೆ ಬರುತ್ತೇನೆ. ತಾನಾಗಿ ಆದದ್ದು, ಬೇಕೆಂದು ಮಾಡಿದ್ದು ಎರಡಕ್ಕೂ ಆಗುವ ಪದ ಇಂಗ್ಲಿಷ್‌ನಲ್ಲಿ ಇದೆ: ‘ಗೆಟ್’. ‘ಗೆಟ್ ಹರ್ಟ್’ ಅಂದರೆ ಗಾಯಗೊಳ್ಳು. ‘ಗೆಟ್ ಎ ಜಾಬ್’ ಅಂದರೆ ಹುಡುಕಿ ಪಡೆ. ‘ಗೆಟ್ ಎ ಬಾಡಿ, ಯು ಹಂಗರ್. ಗೆಟ್ ಎ ಬಾಡಿ, ಯು ಲೈ.’ ಹೇಗಿದೆ?

ವಿದ್ಯಾ_ಕೆ

ಹೊಂಗೆಮರ, ಇದು ನಿಜವಾಗಿ ಒಳ್ಳೆಯ ಹುಡುಕಾಟ. ವ್ಯಾಕರಣ ಪೂರ್ತಿ ಕೂತಿದೆ. ಕೊನೆಗೆ ‘ಗೆಟ್ ಎ ಬಾಡಿ ಯುವರ್‌ಸೆಲ್ಫ್, ಜಸ್ಟ್ ಒನ್ಸ್, ಲೈಕ್ ಮಿ, ಅಂಡ್ ಸೀ’ ಅಂದರೆ ‘ಮಾಡಿ ನೋಡು’ ಅನ್ನುವ ನಮ್ಮ ಧಾಟಿಯೂ ಬಂತು. ರಾಮಾನುಜನ್ ‘ಸೀ’ ಆದ ಮೇಲೆ ‘ವಾಟ್ ಹ್ಯಾಪನ್ಸ್’ ಸೇರಿಸಿದ್ದಾರೆ. ಅದು ಬೇಕಿಲ್ಲ, ‘ಅಂಡ್ ಸೀ’ ಸಾಕು.

ತೊಂದರೆ ಒಂದೇ. ಇಂಗ್ಲಿಷ್ ಹುಡುಗರ ಕಿವಿಯಲ್ಲಿ ‘ಗೆಟ್ ಎ ಲೈಫ್’ ಕೇಳಿಸುತ್ತದೆ.

ಹೊಂಗೆಮರ

ಕೇಳಿಸಲಿ! ಅದೂ ಹಂಗಿಸುವ ಮಾತೇ ತಾನೇ. ದಾಸಿಮಯ್ಯ ದೇವರನ್ನು ಹಂಗಿಸುತ್ತಿದ್ದಾನೆ.

ಡಿಂಡಿಮ

ಹಂಗಿಸುವುದು ಬೇರೆ, ಬೀದಿ ಹುಡುಗರ ಮಾತು ಬೇರೆ. ಇದು ಹಳೆಯ ವಚನ ಸ್ವಾಮಿ. ಸ್ವಲ್ಪ ಗೌರವ ಇರಲಿ.

ಓಲೆಗರಿ

ಹಳೆಯದು ಅನ್ನುವುದು ನಮಗೆ. ಅವನಿಗೆ ಅದು ಆಡುಮಾತಿನ ಹತ್ತಿರದ ಕನ್ನಡ. ಆ ಕಾಲಕ್ಕೆ ಪಂಡಿತರು ಚಂಪೂ ಬರೆಯುತ್ತಿದ್ದರು. ದಾಸಿಮಯ್ಯ ಆ ದಾರಿಗೆ ಹೋಗಲಿಲ್ಲ. ಈ ವಚನದಲ್ಲಿ ಎಷ್ಟು ಸಂಸ್ಕೃತ ಇದೆ ಎಣಿಸಿ: ರಾಮನಾಥ, ಅಷ್ಟೇ. ಉಳಿದದ್ದೆಲ್ಲ ಅಚ್ಚಗನ್ನಡ. ಇಂಗ್ಲಿಷ್‌ನಲ್ಲೂ ಇಂಥದ್ದೇ ಭೇದ ಇದೆ. ‘ಹಂಗರ್’, ‘ಲೈ’, ‘ಬಾಡಿ’ ಅವರ ಹಳೆಯ ಮನೆಮಾತು. ‘ಎಂಬಾಡಿಡ್’, ‘ಮಾರ್ಟಲ್’, ‘ಡಿಸೀವ್’ ಲ್ಯಾಟಿನ್ ಕಡೆಯ ಮಾತಿನ ನಂಟು ಇರುವಂಥವು. ಕರಡು ಮುಗಿದ ಮೇಲೆ ಲ್ಯಾಟಿನ್ ಮೂಲದ ಪದ ಎಷ್ಟಿವೆ ಎಂದು ನೋಡಿ. ಜಾಸ್ತಿ ಇದ್ದರೆ ಎಲ್ಲೋ ವ್ಯಾಖ್ಯಾನ ನುಸುಳಿದೆ ಎಂದೇ ಲೆಕ್ಕ. ಇದು ಎಲ್ಲ ವಚನಕ್ಕೂ ನಡೆಯುವುದಿಲ್ಲ. ಅಲ್ಲಮ ಬೇಕೆಂದೇ ‘ನಿರಾಳ’, ‘ನಿರ್ವಯಲು’ ಅನ್ನುತ್ತಾನೆ, ಅಲ್ಲಿ ಸರಳ ಮಾಡಿದರೆ ಅವನಿಗೆ ಮೋಸ. ದಾಸಿಮಯ್ಯನಿಗೆ ನಡೆಯುತ್ತದೆ.

‘ಗೆಟ್’ ಬಗ್ಗೆ ನನಗೆ ಒಂದು ಅನುಮಾನ. ‘ಗೆಟ್ ಎ ಬಾಡಿ, ಯು ಹಂಗರ್’ ಅಂದರೆ ‘ಯು’ ಬಂತು. ಮೊದಲ ಎರಡು ಸಾಲಿನಲ್ಲಿ ‘ನೀನು’ ಇಲ್ಲ. ಅಲ್ಲಿ ಇರುವುದು ಯಾರೋ ಒಬ್ಬ, ಒಡಲುಗೊಂಡವ. ‘ನೀನು’ ಬರುವುದು ಮೂರನೆಯ ಸಾಲಿನಲ್ಲಿ, ಬಂದ ಕೂಡಲೇ ಅದು ದೇವರು. ಮೊದಲೇ ‘ಯು’ ಬಂದರೆ ಆ ತಿರುವು ಹೋಗುತ್ತದೆ.

ಹೊಂಗೆಮರ

‘ಹೂ ಗೆಟ್ಸ್ ಎ ಬಾಡಿ’ ಅಂತ ಮಾಡಿದರೆ?

ವಿದ್ಯಾ_ಕೆ

ಆಗ ಪ್ರಶ್ನೆಯ ಹಾಗೆ ಕೇಳುತ್ತದೆ. ಒಡಲು ಯಾರಿಗೆ ಸಿಗುತ್ತೆ ಅಂತ. ‘ಹೂಎವರ್’ ಹಾಕಿದರೆ ತಪ್ಪುತ್ತದೆ. ‘ಹಿ ಹೂ’ ಮಾತ್ರ ಬೇಡ, ಮತ್ತೆ ಬೈಬಲ್.

ಮಲ್ಲಿಗೆ_ದಂಡೆ

ತಡವಾಗಿ ಬಂದೆ, ಕ್ಷಮಿಸಿ. ಇದೇ ಕಷ್ಟ ದಾಸಿಮಯ್ಯನ ‘ಮೊಲೆ ಮುಡಿ ಬಂದಡೆ ಹೆಣ್ಣೆಂಬರು, ಗಡ್ಡ ಮೀಸೆ ಬಂದಡೆ ಗಂಡೆಂಬರು’ ವಚನದಲ್ಲೂ ಇದೆ. ರಾಮಾನುಜನ್ ‘ಬಂದಡೆ’ಯನ್ನು ಎದುರಿನಿಂದ ನಡೆದು ಬರುವುದು ಅನ್ನುವ ಹಾಗೆ ಮಾಡಿದ್ದಾರೆ, ಜನ ನೋಡುತ್ತಾರೆ ಅಂತ. ನಮ್ಮ ಮನೆಯಲ್ಲಿ ‘ಮೀಸೆ ಬಂತು’ ಅಂದರೆ ಮೀಸೆ ಚಿಗುರಿತು ಅಂತ ತಾನೇ? ಬೆಳೆಯುವುದು ಅಂತಲೇ ಮಾಡಬೇಕಿತ್ತು.

ಓಲೆಗರಿ

ನಿಮ್ಮ ಓದೇ ಸಹಜ. ಆದರೆ ಗೊಗ್ಗವ್ವೆಯ ವಚನ ಒಂದಿದೆ, ಹೆಚ್ಚು ಕಡಿಮೆ ಇದೇ ಮಾತು. ಅಲ್ಲಿ ‘ಮೀಸೆ ಕಾಸೆ ಬಂದಡೆ ಗಂಡೆಂಬರು’ ಎಂದಿದೆ. ಮೀಸೆ ಬೆಳೆಯುತ್ತದೆ, ಕಾಸೆ ಬೆಳೆಯುವುದಿಲ್ಲ, ಅದು ಉಡುವ ಬಟ್ಟೆ. ಹಾಗಾಗಿ ‘ಬಂದಡೆ’ಯನ್ನು ಬೆಳೆಯುವುದಕ್ಕೇ ಕಟ್ಟಿಹಾಕಲು ನನಗೆ ಧೈರ್ಯ ಸಾಲದು.

ಮಲ್ಲಿಗೆ_ದಂಡೆ

ಕಾಸೆ ಕಟ್ಟುವ ವಯಸ್ಸು ಬಂತು ಅನ್ನುವ ಅರ್ಥದಲ್ಲಿ ಇರಬಹುದಲ್ಲ ಸರ್? ಆಗಲೂ ವಯಸ್ಸಿಗೆ ಬರುವುದೇ ಆಯಿತು.

ಓಲೆಗರಿ

ಇರಬಹುದು. ಇದಕ್ಕೆ ಬೇರೆ ಎಳೆ ಶುರು ಮಾಡಿ, ನಾನು ಬರುತ್ತೇನೆ. ಗೊಗ್ಗವ್ವೆ ಕೊನೆಗೆ ‘ಹೆಣ್ಣೋ ಗಂಡೋ’ ಎಂದು ಕೇಳಿ ಬಿಡುತ್ತಾಳೆ, ದಾಸಿಮಯ್ಯ ‘ಹೆಣ್ಣೂ ಅಲ್ಲ ಗಂಡೂ ಅಲ್ಲ’ ಎಂದು ತೀರ್ಪು ಕೊಡುತ್ತಾನೆ. ಅದನ್ನೂ ಮಾತಾಡಬಹುದು.

ಸುಧಾ_ಎಚ್

ಎಲ್ಲರ ಮಾತೂ ಇಟ್ಟುಕೊಂಡು ಹೊಸದಾಗಿ ಬರೆದೆ:

ಹೂಎವರ್ ಗೆಟ್ಸ್ ಎ ಬಾಡಿ ವಿಲ್ ಹಂಗರ್,
ಹೂಎವರ್ ಗೆಟ್ಸ್ ಎ ಬಾಡಿ ವಿಲ್ ಲೈ.
ಡೋಂಟ್ ಯು ಒನ್ಸ್ ಸ್ಕೋಲ್ಡ್ ಮಿ ಫಾರ್ ಗೆಟಿಂಗ್ ಎ ಬಾಡಿ.
ಗೆಟ್ ಎ ಬಾಡಿ ಒನ್ಸ್, ಲೈಕ್ ಮಿ, ಅಂಡ್ ಸೀ, ರಾಮನಾಥ.

‘ವಿಲ್’ ಇಟ್ಟದ್ದು ರಾಮಾನುಜನ್ ಅವರಿಂದ. ‘ಹಸಿವ’ ಅನ್ನುವುದು ಇವತ್ತಿನ ಹಸಿವಲ್ಲ, ಯಾವತ್ತಿಗೂ ಹಸಿಯುವವ. ‘ವಿಲ್’ನಲ್ಲಿ ಅದು ಬರುತ್ತದೆ. ಲ್ಯಾಟಿನ್ ಪದ ಹುಡುಕಿದೆ, ಸಿಗಲಿಲ್ಲ. ನಾಲ್ಕೂ ಕಡೆ ‘ಗೆಟ್ ಎ ಬಾಡಿ’ಯೇ ಇದೆ.

ನಿಂಗಣ್ಣ_ಮಗ್ಗ

ಓದಿದರೆ ಬೈದ ಹಾಗಿದೆ. ಸರಿಯಾಗಿದೆ.

ರಾಗಮಾಲಿಕಾ

ಎರಡನೆಯ ‘ಒನ್ಸ್’ ಮುಂದೆ ‘ಜಸ್ಟ್’ ಬೇಕು. ಇಲ್ಲದಿದ್ದರೆ ಪೆಟ್ಟು ಬೀಳುವುದಿಲ್ಲ.

ಡಿಂಡಿಮ

‘ಗೆಟಿಂಗ್ ಎ ಬಾಡಿ’ ಅಂದರೆ ವ್ಯಾಯಾಮ ಶಾಲೆಗೆ ಹೋಗಿ ಮೈ ಬೆಳೆಸಿದ ಹಾಗೆ ಕೇಳುತ್ತದೆ. ನಾನು ಇನ್ನೂ ‘ಬಾಡಿ ದೈಸೆಲ್ಫ್’ ಪಕ್ಷವೇ.

ವಿದ್ಯಾ_ಕೆ

ವ್ಯಾಯಾಮ ಶಾಲೆ! ಈಗ ನನಗೂ ಹಾಗೇ ಕೇಳಿಸುತ್ತಿದೆ, ಥ್ಯಾಂಕ್ಸ್ ಡಿಂಡಿಮ. ಸುಧಾ, ಮೂರನೆಯ ಸಾಲನ್ನು ‘ಬಿಕಾಸ್ ಐ ಗಾಟ್ ಎ ಬಾಡಿ’ ಮಾಡಿ ನೋಡಿ. ಆಗಿ ಹೋದದ್ದು ಅನ್ನುವ ಅರ್ಥ ಗಟ್ಟಿಯಾಗುತ್ತದೆ.

ಓಲೆಗರಿ

‘ಸ್ಕೋಲ್ಡ್’ ನನಗೆ ಸ್ವಲ್ಪ ಮೇಷ್ಟರ ಮಾತು ಅನ್ನಿಸಿತು. ‘ಜರೆ’ಯಲ್ಲಿ ಕೀಳುಮಾಡುವುದಿದೆ. ‘ಡೋಂಟ್ ಯು ಒನ್ಸ್ ಟಾಕ್ ಡೌನ್ ಟು ಮಿ’ ಆಗಬಹುದಾ ಯೋಚಿಸಿ. ‘ಜರೆದು ನುಡಿ’ ಅಂದರೆ ಅದೇ: ಮೇಲಿನಿಂದ ಕೆಳಗೆ ನೋಡಿ ಆಡುವ ಮಾತು. ಒಡಲಿಲ್ಲದವನು ಮೇಲೆ, ಒಡಲುಗೊಂಡವ ಕೆಳಗೆ.

ಸುಧಾ_ಎಚ್

‘ಟಾಕ್ ಡೌನ್’ ತೆಗೆದುಕೊಂಡೆ, ‘ಜಸ್ಟ್’ ಕೂಡ. ‘ಗಾಟ್’ ಹಾಕಿದರೆ ‘ಒಡಲುಗೊಂಡವನೆಂದು’ ಸರಿಹೋಗುತ್ತದೆ, ಆದರೆ ನಾಲ್ಕರಲ್ಲಿ ಒಂದರ ರೂಪ ಬದಲಾಗುತ್ತದೆ. ಕನ್ನಡದಲ್ಲೂ ನಾಲ್ಕನೆಯದು ‘ಗೊಂಡು’ ಅಂತ ಬದಲಾಗಿದೆ, ಹಾಗಾಗಿ ಅಷ್ಟು ತಪ್ಪಲ್ಲ ಅನ್ನಿಸುತ್ತಿದೆ. ಎರಡೂ ಪಾಠ ಸಂಪಾದಕರಿಗೆ ಕಳಿಸುತ್ತೇನೆ. ‘ತತ್ವ ಎಲ್ಲಿ’ ಎಂದು ಮತ್ತೆ ಕೇಳಿದರೆ ಈ ಎಳೆಯ ಕೊಂಡಿ ಕೊಡುತ್ತೇನೆ.

ಕಟ್ಟೆಪುರಾಣ

ಕೊಟ್ಟರೆ ನನ್ನ ಶ್ರೀರಾಮನ ಪ್ರಶ್ನೆ ಅಳಿಸಿ ಕೊಡಿ ಮೇಡಂ.